ಒಂದು ಓವನ್, ಮೂರು ಬೆಲೆ: ಬೇಕರಿಯ ಸವಕಳಿ ಲೆಕ್ಕವನ್ನು ಬುಡದಿಂದ ಕಟ್ಟಿದ ಪ್ರಕರಣ

ಸಣ್ಣ ಅಂಗಡಿಗಳ ವಾರ್ಷಿಕ ಲೆಕ್ಕ ಬರೆಯುವುದು ನನ್ನ ಕೆಲಸ. ಮಲೆನಾಡಿನ ಒಂದು ತಾಲ್ಲೂಕು ಊರಿನ ಬೇಕರಿಯಲ್ಲಿ ನಡೆದ ವಿಷಯ ಇದು. ಊರು, ಅಂಗಡಿ, ಮನುಷ್ಯರು ಯಾರೆಂದು ಗೊತ್ತಾಗದ ಹಾಗೆ ಬರೆದಿದ್ದೇನೆ. ಮೊತ್ತಗಳನ್ನೂ ಸ್ವಲ್ಪ ಹೊಂದಿಸಿದ್ದೇನೆ, ಆದರೆ ಲೆಕ್ಕ ಹಾಕಿದ ರೀತಿ ಮತ್ತು ಎಲ್ಲೆಲ್ಲಿ ಎಡವಿದೆವು ಅನ್ನೋದು ಇದ್ದದ್ದು ಇದ್ದ ಹಾಗೇ ಇದೆ.

ಹಿನ್ನೆಲೆ

ಅಣ್ಣ ತಮ್ಮ ಇಬ್ಬರ ಪಾಲುದಾರಿಕೆ. ಅಣ್ಣನಿಗೆ ಶೇ 60, ತಮ್ಮನಿಗೆ ಶೇ 40. ಅಂಗಡಿ ಶುರುವಾಗಿದ್ದು 2019ರಲ್ಲಿ. ಬನ್ನು, ಬ್ರೆಡ್, ಬೆಣ್ಣೆ ಬಿಸ್ಕತ್ತು, ದಿಲ್‌ಪಸಂದ್, ಹುಟ್ಟುಹಬ್ಬದ ಕೇಕು ಎಲ್ಲವೂ ಅಲ್ಲೇ ತಯಾರಾಗುತ್ತದೆ. ಜಿಎಸ್‌ಟಿಯಲ್ಲಿ ಮೊದಲಿನಿಂದಲೂ ಕಾಂಪೊಸಿಷನ್ ಸ್ಕೀಮ್. 2024ರ ಮಾರ್ಚ್ 31ಕ್ಕೆ ತಮ್ಮ ಒಬ್ಬರೇ ಪಾಲುದಾರಿಕೆ ಬಿಟ್ಟು ಬೆಂಗಳೂರಿಗೆ ಹೋಗುವುದು, ಅಂಗಡಿಯನ್ನು ಅಣ್ಣ ಉಳಿಸಿಕೊಳ್ಳುವುದು ಅಂತ ಇಬ್ಬರೂ ಮಾತಾಡಿಕೊಂಡಿದ್ದರು. ಅಲ್ಲಿಯವರೆಗೆ ಜಗಳ ಏನೂ ಇರಲಿಲ್ಲ.

ಆ ವರ್ಷದ ಲೆಕ್ಕ ಮುಗಿಸಿಕೊಡಿ ಅಂತ ಹಳೆಯ ಪುಸ್ತಕಗಳ ಜೊತೆ ಒಂದು ಪ್ಲಾಸ್ಟಿಕ್ ಫೈಲು ನನ್ನ ಕೈಗೆ ಬಂತು. ಅದರಲ್ಲಿ ಖರೀದಿ ಬಿಲ್ಲುಗಳು, ಲಾರಿ ಬಾಡಿಗೆ ಚೀಟಿ, ಎಲೆಕ್ಟ್ರಿಷಿಯನ್ ಬರೆದುಕೊಟ್ಟ ರಸೀದಿ ಎಲ್ಲ ಇದ್ದವು. ಆಸ್ತಿ ರಿಜಿಸ್ಟರ್ ಅಂತ ಮಾತ್ರ ಒಂದು ಇರಲೇ ಇಲ್ಲ.

ಪುಸ್ತಕದಲ್ಲಿ ಓವನ್‌ನ ಬೆಲೆ 79,867 ರೂಪಾಯಿ ಅಂತಿತ್ತು. ತಮ್ಮ ಅದನ್ನು ನೋಡಿ ಕೇಳಿದ್ದು ಇಷ್ಟೇ: "ಸಾರ್, ಎರಡು ಕಾಲು ಲಕ್ಷ ಸುರಿದು ತಂದ ಓವನ್ ನಾಲ್ಕೂವರೆ ವರ್ಷಕ್ಕೆ ಎಂಬತ್ತು ಸಾವಿರಕ್ಕೆ ಇಳಿಯುತ್ತಾ?" ಅಣ್ಣ ಸುಮ್ಮನಿದ್ದರು. ಅಂಗಡಿ ಉಳಿಸಿಕೊಳ್ಳುವವರಿಗೆ ಕಡಿಮೆ ಬೆಲೆ ಅನುಕೂಲ, ಬಿಟ್ಟು ಹೋಗುವವರಿಗೆ ಜಾಸ್ತಿ ಬೆಲೆ ಅನುಕೂಲ. ಇಬ್ಬರ ಆಸೆಯೂ ಸಹಜವೇ. ಆದರೆ ಆ ಸಂಖ್ಯೆ ಎಲ್ಲಿಂದ ಬಂತು ಅಂತ ಇಬ್ಬರಿಗೂ ಗೊತ್ತಿರಲಿಲ್ಲ, ನನಗೂ ಆಗ ಗೊತ್ತಿರಲಿಲ್ಲ.

79,867 ಹುಟ್ಟಿದ್ದು ಹೇಗೆ

ಹಿಂದಕ್ಕೆ ಲೆಕ್ಕ ಹಾಕುತ್ತಾ ಹೋದೆ. ಮೊದಲು ಲೆಕ್ಕ ಬರೆಯುತ್ತಿದ್ದವರು ಬಿಲ್ಲಿನಲ್ಲಿದ್ದ ತೆರಿಗೆ ಸೇರದ ಮೊತ್ತ 1,80,000 ತೆಗೆದುಕೊಂಡಿದ್ದರು. ಅದರ ಮೇಲೆ ಪ್ರತಿ ವರ್ಷ ಸವಕಳಿ ಅಂತ, ಅಂದರೆ ವಸ್ತು ಬಳಕೆಯಲ್ಲಿ ಸವೆದದ್ದಕ್ಕೆ, ಉಳಿದ ಮೊತ್ತದ ಶೇ 15 ಕಳೆಯುತ್ತಾ ಬಂದಿದ್ದರು. 1,80,000, ಆಮೇಲೆ 1,53,000, ಆಮೇಲೆ 1,30,050, ಹೀಗೆ ಐದು ಸಲ ಕಳೆದರೆ ಸರಿಯಾಗಿ 79,867 ಬರುತ್ತದೆ. ಆ ಶೇ 15 ಅನ್ನೋದು ಆದಾಯ ತೆರಿಗೆಯಲ್ಲಿ ಯಂತ್ರಗಳಿಗೆ ಇರುವ ಸಾಮಾನ್ಯ ದರ. ಅಂದರೆ ತೆರಿಗೆ ರಿಟರ್ನ್‌ಗೆ ಹಾಕಿದ ಸಂಖ್ಯೆಯನ್ನೇ ಅಂಗಡಿಯ ಪುಸ್ತಕಕ್ಕೂ ಇಳಿಸಿದ್ದರು.

ಸಣ್ಣ ಅಂಗಡಿಗಳಲ್ಲಿ ಇದು ತುಂಬ ಸಾಮಾನ್ಯ. ಎರಡೆರಡು ಲೆಕ್ಕ ಯಾಕೆ ಅಂತ ಹಾಗೆ ಮಾಡುತ್ತಾರೆ, ಎಷ್ಟೋ ಅಂಗಡಿಗೆ ಅದರಿಂದ ತೊಂದರೆಯೂ ಆಗುವುದಿಲ್ಲ. ಆದರೆ ತೆರಿಗೆಯ ದರ ಓವನ್ ಎಷ್ಟು ವರ್ಷ ಬಾಳುತ್ತದೆ ಅಂತ ಕೇಳಿ ಇಟ್ಟಿದ್ದಲ್ಲ. ಹಪ್ಪಳದ ಮೆಷಿನ್ನಿಗೂ ಅದೇ ದರ, ಹಿಟ್ಟಿನ ಗಿರಣಿಗೂ ಅದೇ ದರ. ಪಾಲು ಹಂಚಿಕೊಳ್ಳುವ ಹೊತ್ತಿಗೆ ಬೇಕಾಗಿದ್ದು ಬೇರೆ ಸಂಖ್ಯೆ: ಈ ಓವನ್ ಒಟ್ಟು ಎಷ್ಟು ವರ್ಷ ಕೆಲಸ ಮಾಡುತ್ತದೆ, ಅದರಲ್ಲಿ ಎಷ್ಟು ಕಳೆದಿದೆ, ಉಳಿದದ್ದಕ್ಕೆ ಪುಸ್ತಕದಲ್ಲಿ ಎಷ್ಟು ನಿಲ್ಲಬೇಕು.

ಆದ್ದರಿಂದ ಹಳೆಯ ಸಂಖ್ಯೆಗಳನ್ನು ಬದಿಗಿಟ್ಟು ಬಿಲ್ಲುಗಳಿಂದಲೇ ಮತ್ತೆ ಕಟ್ಟೋಣ ಅಂತ ತೀರ್ಮಾನ ಮಾಡಿದೆವು. ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಬರೀ ಸವಕಳಿಯ ಪದ್ಧತಿ ಬದಲಾಯಿಸುವುದಾದರೆ ಹಿಂದಿನ ವರ್ಷಗಳನ್ನು ಮುಟ್ಟಬಾರದು. ಈಗ ಪುಸ್ತಕದಲ್ಲಿ ಉಳಿದಿರುವ ಮೊತ್ತವನ್ನು ಇನ್ನುಳಿದ ಬಾಳಿಕೆಯ ಮೇಲೆ ಹರಡಬೇಕು. ನಾವು ಹಾಗೆ ಮಾಡಲಿಲ್ಲ, ಯಾಕೆಂದರೆ ಇಲ್ಲಿ ಕೊಂಡ ಬೆಲೆಯೇ ತಪ್ಪಾಗಿತ್ತು, ಬಳಕೆಗೆ ಬಂದ ದಿನವೂ ತಪ್ಪಾಗಿತ್ತು. ತಪ್ಪು ಅಂದರೆ ಹಿಂದಕ್ಕೆ ಹೋಗಿಯೇ ತಿದ್ದಬೇಕು. ಬುಡದಿಂದ ಕಟ್ಟುವುದಕ್ಕೆ ಇಬ್ಬರೂ ಒಪ್ಪಿದ್ದಾರೆ ಅಂತ ಒಂದು ಹಾಳೆಯಲ್ಲಿ ಬರೆಸಿ ಸಹಿ ಹಾಕಿಸಿಕೊಂಡ ಮೇಲೆಯೇ ಕೆಲಸ ಶುರು ಮಾಡಿದ್ದು.

ಕೊಂಡ ಬೆಲೆ ಅಂದರೆ ಬಿಲ್ಲಿನ ಮೇಲಿನ ಸಾಲು ಮಾತ್ರ ಅಲ್ಲ

ಓವನ್ ಬಿಲ್ಲು 2019ರ ಸೆಪ್ಟೆಂಬರ್ 12ರದ್ದು. ಕರೆಂಟಿನಲ್ಲಿ ನಡೆಯುವ ಎರಡು ಡೆಕ್‌ನ ಓವನ್. ಬೆಲೆ 1,80,000, ಅದರ ಮೇಲೆ ಶೇ 18 ಜಿಎಸ್‌ಟಿ 32,400. ಒಟ್ಟು 2,12,400.

ಆ 32,400ನ್ನು ಹಳೆಯ ಲೆಕ್ಕದಲ್ಲಿ "ತೆರಿಗೆ ವೆಚ್ಚ" ಅಂತ ಅದೇ ವರ್ಷ ಖರ್ಚಿಗೆ ಹಾಕಿದ್ದರು. ಇದು ಸರಿಯಲ್ಲ. ಕಾಂಪೊಸಿಷನ್‌ನಲ್ಲಿ ಇರುವ ಅಂಗಡಿಗೆ ಕೊಂಡ ವಸ್ತುವಿನ ಜಿಎಸ್‌ಟಿ ವಾಪಸ್ ಸಿಗುವುದಿಲ್ಲ, ಇನ್‌ಪುಟ್ ಕ್ರೆಡಿಟ್ ಇಲ್ಲ. ವಾಪಸ್ ಬರದ ತೆರಿಗೆ ವಸ್ತುವಿನ ಬೆಲೆಯೊಳಗೇ ಸೇರಬೇಕು. ಇದೇ ಅಂಗಡಿ ಮಾಮೂಲಿ ಜಿಎಸ್‌ಟಿಯಲ್ಲಿದ್ದು ಕ್ರೆಡಿಟ್ ತೆಗೆದುಕೊಂಡಿದ್ದರೆ ಅಷ್ಟು ಮೊತ್ತವನ್ನು ಬೆಲೆಯಿಂದ ಹೊರಗಿಡಬೇಕಾಗಿತ್ತು. ಕ್ರೆಡಿಟ್ಟೂ ತೆಗೆದುಕೊಂಡು, ಅದೇ ತೆರಿಗೆಯ ಮೇಲೆ ಸವಕಳಿಯನ್ನೂ ಕಳೆಯುವುದಕ್ಕೆ ಕಾನೂನಿನಲ್ಲಿ ಅವಕಾಶ ಇಲ್ಲ. ಹಾಗಾಗಿ ಬಿಲ್ಲು ನೋಡುವ ಮೊದಲು ನಾನು ಕೇಳುವ ಪ್ರಶ್ನೆ ಇದೇ: ಈ ವಸ್ತು ಕೊಂಡ ದಿನ ಅಂಗಡಿ ಜಿಎಸ್‌ಟಿಯ ಯಾವ ಸ್ಕೀಮಿನಲ್ಲಿತ್ತು?

ಆಮೇಲೆ ಲಾರಿ ಬಾಡಿಗೆ 6,500. ಓವನ್ ಇಳಿಸಿ ಕೂರಿಸಲು ಸಿಮೆಂಟ್ ಕಟ್ಟೆ, ತ್ರೀ ಫೇಸ್ ವೈರಿಂಗ್ ಎಲ್ಲ ಸೇರಿ 9,100. ಇವೆರಡನ್ನೂ ಹಳೆಯ ಪುಸ್ತಕದಲ್ಲಿ ಸಾಗಾಣಿಕೆ, ರಿಪೇರಿ ಅಂತ ಹಾಕಿದ್ದರು. ಆದರೆ ಈ ಖರ್ಚು ಇಲ್ಲದೆ ಓವನ್ ಒಂದು ಬನ್ನನ್ನೂ ಬೇಯಿಸುತ್ತಿರಲಿಲ್ಲ. ವಸ್ತುವನ್ನು ಕೆಲಸ ಮಾಡುವ ಸ್ಥಿತಿಗೆ ತರಲು ಆದ ಖರ್ಚು ವಸ್ತುವಿನ ಬೆಲೆಯೇ. ಹೀಗೆ ಓವನ್‌ನ ನಿಜವಾದ ಕೊಂಡ ಬೆಲೆ 2,28,000 ಆಯಿತು. ಹಳೆಯ ಪುಸ್ತಕದಲ್ಲಿ ಇದ್ದದ್ದಕ್ಕಿಂತ 48,000 ಜಾಸ್ತಿ.

ಇದರ ಉಲ್ಟಾ ತಪ್ಪು ಮಿಕ್ಸರ್‌ನಲ್ಲಿ ಸಿಕ್ಕಿತು. 20 ಲೀಟರಿನ ಪ್ಲಾನೆಟರಿ ಮಿಕ್ಸರ್ ಅದು. 2022ರಲ್ಲಿ ಮೋಟಾರ್ ಸುಟ್ಟು ಹೋಗಿ ರಿವೈಂಡಿಂಗ್‌ಗೆ 7,200 ಕೊಟ್ಟಿದ್ದರು, ಅದನ್ನು ಮಿಕ್ಸರ್ ಬೆಲೆಗೆ ಸೇರಿಸಿದ್ದರು. ಮೋಟಾರು ಮೊದಲು ಎಷ್ಟು ಶಕ್ತಿಯದಿತ್ತೋ ಆಮೇಲೂ ಅಷ್ಟೇ. ಬಾಳಿಕೆಯೂ ಹೆಚ್ಚಲಿಲ್ಲ, ಕೆಲಸವೂ ಹೆಚ್ಚಲಿಲ್ಲ. ಅದು ರಿಪೇರಿ. ಮಿಕ್ಸರ್ ಬೆಲೆಯಿಂದ ತೆಗೆದು ಆ ವರ್ಷದ ಖರ್ಚಿಗೆ ಹಾಕಿದೆ.

ಸೆಪ್ಟೆಂಬರ್ 12 ಅಲ್ಲ, ನವೆಂಬರ್ 1

ಸವಕಳಿ ಯಾವ ದಿನದಿಂದ ಎಣಿಸಬೇಕು? ಹಳೆಯ ಲೆಕ್ಕ ಬಿಲ್ಲಿನ ದಿನದಿಂದ ಎಣಿಸಿತ್ತು. ಎಣಿಸಬೇಕಾಗಿದ್ದು ಓವನ್ ಕೆಲಸಕ್ಕೆ ಸಿದ್ಧವಾದ ದಿನದಿಂದ.

ಅಣ್ಣನನ್ನು ಕೇಳಿದರೆ "ಅದೇ ಸೆಪ್ಟೆಂಬರ್ ಕೊನೆ ಇರಬೇಕು" ಅಂದರು. ತಮ್ಮನಿಗೂ ನೆನಪಿರಲಿಲ್ಲ. ಗೊತ್ತಿದ್ದದ್ದು ಭಟ್ಟಿ ಮುಂದೆ ನಿಲ್ಲುವ ಮಾಸ್ಟರ್‌ಗೆ. ಕೈಯಲ್ಲಿ ಮೈದಾ ಹಿಟ್ಟು ಮೆತ್ತಿಕೊಂಡೇ ಹೇಳಿದರು: "ದೀಪಾವಳಿ ಆರ್ಡರ್ ಪೂರ್ತಿ ಹಳೇ ಚಿಕ್ಕ ಓವನ್‌ನಲ್ಲೇ ಮಾಡಿದ್ದು ಸಾರ್, ಇದಕ್ಕೆ ಕರೆಂಟೇ ಬಂದಿರಲಿಲ್ಲ. ರಾಜ್ಯೋತ್ಸವದ ದಿನ ಮೊದಲ ಟ್ರೇ ಇಟ್ಟಿದ್ದು ನಾನೇ." ವಿದ್ಯುತ್ ಬಿಲ್ ತೆಗೆದು ನೋಡಿದೆ. ತ್ರೀ ಫೇಸ್ ಸಂಪರ್ಕ ಕೊಟ್ಟ ದಿನ ಅಂತ ಅಕ್ಟೋಬರ್ 30 ಇತ್ತು. ಮಾಸ್ಟರ್ ಮಾತಿಗೂ ಕಾಗದಕ್ಕೂ ತಾಳೆಯಾಯಿತು. 2019ರ ನವೆಂಬರ್ 1 ಅಂತ ಗಟ್ಟಿ ಮಾಡಿದೆ.

ಈ ಒಂದೂವರೆ ತಿಂಗಳಿಂದ ಅಂಗಡಿಯ ಪುಸ್ತಕದಲ್ಲಿ ದೊಡ್ಡ ವ್ಯತ್ಯಾಸ ಆಗುವುದಿಲ್ಲ. ತೆರಿಗೆಯಲ್ಲಿ ಮಾತ್ರ ಆಗುತ್ತದೆ. ಕೊಂಡ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಆ ವರ್ಷ ಅರ್ಧ ದರ ಮಾತ್ರ, ಅಂದರೆ ಶೇ 15 ಬದಲು 7.5. ಸೆಪ್ಟೆಂಬರ್ 12ರಿಂದ ಎಣಿಸಿದರೆ ಮಾರ್ಚ್ ಕೊನೆಗೆ 202 ದಿನ. ನವೆಂಬರ್ 1ರಿಂದ ಎಣಿಸಿದರೆ 152 ದಿನ. ಹಳೆಯ ರಿಟರ್ನ್‌ನಲ್ಲಿ ಪೂರ್ತಿ ದರ ಹಾಕಿದ್ದರು. ಅದನ್ನು ಅವರ ತೆರಿಗೆ ನೋಡುವ ಆಡಿಟರ್ ಗಮನಕ್ಕೆ ಬರವಣಿಗೆಯಲ್ಲೇ ತಂದೆ.

ಬಾಳಿಕೆ ಎಷ್ಟು ವರ್ಷ? ಇಲ್ಲೇ ಎಲ್ಲ ನಿಂತಿದ್ದು

ಪದ್ಧತಿ ಸರಳವಾದದ್ದನ್ನೇ ಆರಿಸಿಕೊಂಡೆವು: ಪ್ರತಿ ವರ್ಷ ಒಂದೇ ಮೊತ್ತ ಕಳೆಯುವ ಸ್ಥಿರ ಕಂತಿನ ಪದ್ಧತಿ. ಕೊಂಡ ಬೆಲೆಯಲ್ಲಿ ಶೇ 5 ಉಳಿಕೆ ಬೆಲೆ ಅಂತ ಬಿಟ್ಟೆವು, ಕೊನೆಗೆ ಗುಜರಿಗೆ ಹಾಕಿದರೂ ಸಿಗುವ ಮೊತ್ತ ಅಂತ. ಓವನ್‌ಗೆ ಅದು 11,400. ಮಿಕ್ಕ 2,16,600ನ್ನು ಬಾಳಿಕೆಯ ವರ್ಷಗಳಿಗೆ ಹಂಚಬೇಕು. ಆದರೆ ಎಷ್ಟು ವರ್ಷಕ್ಕೆ?

ತಮ್ಮ ಒಂದು ಪ್ರಿಂಟ್‌ಔಟ್ ತಂದಿದ್ದರು. 2013ರ ಕಂಪನಿ ಕಾಯಿದೆಯ ಎರಡನೇ ಅನುಸೂಚಿ. ಅದರಲ್ಲಿ ಸಾಮಾನ್ಯ ಯಂತ್ರಗಳಿಗೆ 15 ವರ್ಷ ಅಂತಿದೆ. "ಸರ್ಕಾರವೇ 15 ಅಂದಿದೆ, 15 ಹಾಕಿ" ಅನ್ನೋದು ಅವರ ವಾದ. ಅಣ್ಣ ಒಪ್ಪಲಿಲ್ಲ. "ಈಗಾಗಲೇ ಕಾಯಿಲ್ ಒಂದು ಸಲ ಹೋಗಿದೆ, ಥರ್ಮೋಸ್ಟಾಟ್ ಬದಲಾಯಿಸಿದ್ದೀವಿ, ಇನ್ನೆರಡು ವರ್ಷ ಬಂದ್ರೆ ಪುಣ್ಯ. 6 ವರ್ಷ ಹಾಕಿ" ಅಂದರು.

ಎರಡಕ್ಕೂ ಲೆಕ್ಕ ಹಾಕಿ ಮುಂದಿಟ್ಟೆ. 2019ರ ನವೆಂಬರ್‌ನಿಂದ 2024ರ ಮಾರ್ಚ್‌ವರೆಗೆ 53 ತಿಂಗಳು. 15 ವರ್ಷ ಅಂದರೆ ಇವತ್ತಿನ ಪುಸ್ತಕ ಮೌಲ್ಯ 1,64,223. 6 ವರ್ಷ ಅಂದರೆ 68,558. ಅದೇ ಓವನ್, ಅದೇ ಬಿಲ್ಲು, ಅದೇ ಸೂತ್ರ. ಬಾಳಿಕೆ ಒಂದನ್ನು ಬದಲಾಯಿಸಿದ್ದಕ್ಕೆ ಹತ್ತಿರ ಹತ್ತಿರ 96 ಸಾವಿರ ವ್ಯತ್ಯಾಸ. ಬಿಲ್ಲಿನ ಪೈಸೆ ಪೈಸೆ ಹುಡುಕಿ ಹೊಂದಿಸಿದ್ದಕ್ಕಿಂತ ಈ ಒಂದು ಊಹೆ ದೊಡ್ಡದು ಅಂತ ಆಗ ಇಬ್ಬರಿಗೂ ಕಣ್ಣಿಗೆ ಕಂಡಿತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ನಾನು ಮಧ್ಯದ ಸಂಖ್ಯೆ ಒಂದನ್ನು ಹೇಳಿ ಮುಗಿಸಬಹುದಿತ್ತು. ಹಾಗೆ ಮಾಡಿದ್ದರೆ ಇಬ್ಬರಿಗೂ ಸಮಾಧಾನ ಆಗುತ್ತಿರಲಿಲ್ಲ, ಆ ಸಂಖ್ಯೆಗೆ ಆಧಾರವೂ ಇರುತ್ತಿರಲಿಲ್ಲ. ಬದಲಿಗೆ ಒಂದು ದಿನ ಬೆಳಿಗ್ಗೆ ನಾಲ್ಕೂವರೆಗೆ ಅಂಗಡಿಗೇ ಹೋದೆ.

ಹೋಗಿದ್ದು ಒಳ್ಳೆಯದಾಯಿತು. ಓವನ್ ಬೆಳಗಿನ ಜಾವ ನಾಲ್ಕಕ್ಕೇ ಬಿಸಿಯಾಗಿರುತ್ತದೆ. ಬ್ರೆಡ್, ಬನ್ನು ಮುಗಿಯುವಾಗ ಹನ್ನೊಂದು ಗಂಟೆ. ಆಮೇಲೆ ಮಧ್ಯಾಹ್ನ ಒಂದಕ್ಕೆ ಇನ್ನೊಬ್ಬ ಮಾಸ್ಟರ್ ಬಂದು ಬಿಸ್ಕತ್ತು, ಕೇಕು ಶುರು ಮಾಡಿದರೆ ರಾತ್ರಿ ಎಂಟು. ಅಂದರೆ ದಿನಕ್ಕೆ ಎರಡು ಶಿಫ್ಟ್, ವರ್ಷಪೂರ್ತಿ. ತಮ್ಮ ತಂದ ಅನುಸೂಚಿಯ ಕೆಳಗಿನ ಟಿಪ್ಪಣಿಯನ್ನು ಯಾರೂ ಓದಿರಲಿಲ್ಲ. ಆ ಬಾಳಿಕೆ ಒಂದೇ ಶಿಫ್ಟ್ ನಡೆಯುವ ಯಂತ್ರಕ್ಕೆ. ಎರಡು ಶಿಫ್ಟ್ ಓಡಿದರೆ ಅಷ್ಟು ಕಾಲಕ್ಕೆ ಸವಕಳಿ ಶೇ 50 ಹೆಚ್ಚು, ಮೂರು ಶಿಫ್ಟ್ ಆದರೆ ಶೇ 100 ಹೆಚ್ಚು. ವರ್ಷವಿಡೀ ಒಂದೂವರೆ ಪಟ್ಟು ಸವಕಳಿ ಅಂದರೆ 15 ವರ್ಷದ್ದು 10 ವರ್ಷಕ್ಕೇ ಮುಗಿಯುತ್ತದೆ ಅಲ್ವಾ?

ಇದು ಕಂಪನಿಗಳಿಗೆ ಇರುವ ಕಾನೂನು, ಪಾಲುದಾರಿಕೆ ಅಂಗಡಿ ಅದನ್ನೇ ಪಾಲಿಸಬೇಕು ಅಂತಿಲ್ಲ. ಬರೀ ಕೈಮರ ಅಷ್ಟೇ. ಆದ್ದರಿಂದ ಓವನ್ ಸರ್ವಿಸ್ ಮಾಡುವವರನ್ನೂ ಕರೆಸಿದೆವು. ಅವರು ಹಿಂದಿನ ತಗಡು ಬಿಚ್ಚಿ ಒಳಗಿನ ಸ್ಟೀಲು, ಶಾಖ ಹೊರಗೆ ಹೋಗದ ಹಾಗೆ ತುಂಬಿದ ಉಣ್ಣೆಯಂಥ ಹೊದಿಕೆ, ಬಾಗಿಲಿನ ಸಂದು ಎಲ್ಲ ನೋಡಿದರು. ಕಾಯಿಲ್, ಥರ್ಮೋಸ್ಟಾಟ್ ಇವೆಲ್ಲ ಮೂರು ನಾಲ್ಕು ವರ್ಷಕ್ಕೆ ಬದಲಾಯಿಸುವ ಭಾಗಗಳೇ, ಅವು ಹೋದವು ಅಂತ ಓವನ್ ಮುಗಿಯಿತು ಅನ್ನೋಕಾಗಲ್ಲ ಅಂದರು. ಕೆಳಗಿನ ಡೆಕ್‌ನ ಬಲಮೂಲೆಯಲ್ಲಿ ತುಕ್ಕು ಇತ್ತು, ಅಲ್ಲಿಟ್ಟ ಟ್ರೇ ಬಣ್ಣ ಬರುವುದು ನಿಧಾನ ಅಂತ ಮಾಸ್ಟರ್ ಕೂಡ ಹೇಳಿದರು. ಇದೇ ರೀತಿ ಓಡಿಸಿದರೆ ಇನ್ನು ಐದಾರು ವರ್ಷ ಧೈರ್ಯವಾಗಿ ಬಳಸಬಹುದು ಅನ್ನೋದು ಸರ್ವಿಸ್‌ನವರ ಮಾತು. ಕಳೆದದ್ದು ನಾಲ್ಕೂವರೆ ವರ್ಷ, ಮುಂದೆ ಐದಾರು. ಇಲ್ಲೂ ಹತ್ತರ ಆಸುಪಾಸೇ ಬಂತು.

ಎರಡು ಬೇರೆ ಬೇರೆ ದಾರಿಯಲ್ಲಿ ಹೋದರೂ ಹತ್ತಿರದ ಸಂಖ್ಯೆಯೇ ಸಿಕ್ಕಿದ್ದರಿಂದ ಇಬ್ಬರೂ 10 ವರ್ಷಕ್ಕೆ ಒಪ್ಪಿದರು. ತಿಂಗಳಿಗೆ 1,805 ರೂಪಾಯಿ ಸವಕಳಿ, 53 ತಿಂಗಳಿಗೆ 95,665. ಪುಸ್ತಕ ಮೌಲ್ಯ 1,32,335.

ಹೋಲಿಕೆಗೆ ಒಂದು ಮಾತು. ಇದೇ 2,28,000ಕ್ಕೆ ತೆರಿಗೆ ದರದಲ್ಲೇ ಸರಿಯಾಗಿ, ಅಂದರೆ ಮೊದಲ ವರ್ಷ ಅರ್ಧ ದರ ಹಾಕಿ ಲೆಕ್ಕ ಮಾಡಿದರೆ 1,10,091 ಉಳಿಯುತ್ತದೆ. ಅದೂ ತಪ್ಪಲ್ಲ, ಆದರೆ ಅದು ತೆರಿಗೆಯ ಉದ್ದೇಶಕ್ಕೆ. ಎರಡನ್ನೂ ಬೇರೆ ಬೇರೆ ಹಾಳೆಯಲ್ಲಿ ಇಟ್ಟರೆ ಗೊಂದಲ ಇಲ್ಲ.

ಉಳಿದ ವಸ್ತುಗಳು

ಮಿಕ್ಸರ್ ಬೇಗ ಮುಗಿಯಿತು. ಜಿಎಸ್‌ಟಿ ಸೇರಿ 68,440, 2020ರ ಅಕ್ಟೋಬರ್‌ನಿಂದ ಬಳಕೆ, ಗಟ್ಟಿ ಹಿಟ್ಟು ತಿರುಗಿಸಿ ಗೇರ್ ಸವೆಯುತ್ತದೆ ಅಂತ ಬಾಳಿಕೆ 8 ವರ್ಷ.

ಕೂಲಿಂಗ್ ಕೌಂಟರ್ ಸ್ವಲ್ಪ ಕಾಡಿತು. ಪಕ್ಕದ ಊರಿನಲ್ಲಿ ಮುಚ್ಚಿಹೋದ ಐಸ್‌ಕ್ರೀಂ ಅಂಗಡಿಯಿಂದ 2022ರ ಯುಗಾದಿ ಹೊತ್ತಿಗೆ 40,000ಕ್ಕೆ ತಂದಿದ್ದು. ಪೂರ್ತಿ ನಗದು, ಒಂದೇ ದಿನ ಕೊಟ್ಟಿದ್ದು. ಬಿಲ್ಲು ಇಲ್ಲ, ಒಂದು ನೋಟ್‌ಬುಕ್ ಹಾಳೆಯಲ್ಲಿ "ಮುಟ್ಟಿದೆ" ಅಂತ ಸಹಿ ಇತ್ತು. ಹಳೆಯ ಲೆಕ್ಕದಲ್ಲಿ ಈ ವಸ್ತುವೇ ಇರಲಿಲ್ಲ. ಬಿಲ್ಲಿಲ್ಲ ಅಂತ ಬಿಟ್ಟುಬಿಟ್ಟಿದ್ದರು.

ಅಂಗಡಿಯ ಹಣ ಹೋಗಿದೆ, ಅದೇ ದಿನ ಬ್ಯಾಂಕಿನಿಂದ 40,000 ತೆಗೆದಿದ್ದೂ ಕಾಣುತ್ತದೆ, ಕೌಂಟರ್ ಕಣ್ಣೆದುರೇ ಇದೆ. ಹಾಗಾಗಿ ಪುಸ್ತಕಕ್ಕೆ 40,000 ಹಾಕಿದೆ. ತೆರಿಗೆಯಲ್ಲಿ ಇದು ಬರುವುದಿಲ್ಲ. ಆಸ್ತಿ ಕೊಳ್ಳುವಾಗ ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಆ ಮೊತ್ತ ತೆರಿಗೆಯ ಲೆಕ್ಕಕ್ಕೆ ಕೊಂಡ ಬೆಲೆಯೇ ಅಲ್ಲ, ಅದರ ಮೇಲೆ ಸವಕಳಿ ಸಿಗುವುದಿಲ್ಲ. ಅದೇ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದ್ದರೆ ಇದು ಆಗುತ್ತಿರಲಿಲ್ಲ. ಅಣ್ಣನಿಗೆ ಇದು ಗೊತ್ತಾದಾಗ ನಿಜಕ್ಕೂ ಬೇಜಾರಾಯಿತು.

ಸೆಕೆಂಡ್‌ಹ್ಯಾಂಡ್ ವಸ್ತುವಿಗೆ ಹೊಸದರ ಬಾಳಿಕೆ ಹಾಕಬಾರದು. ನಮ್ಮ ಕೈಗೆ ಬಂದ ಮೇಲೆ ಎಷ್ಟು ವರ್ಷ ಅನ್ನೋದು ಮುಖ್ಯ. ಕಂಪ್ರೆಸರ್ ನೋಡಿದ ಮೆಕ್ಯಾನಿಕ್ ಮಾತಿನ ಮೇಲೆ 5 ವರ್ಷ ಅಂತ ಇಟ್ಟೆವು.

ಕೊನೆಯದು ಬಿಲ್ಲಿಂಗ್ ಕಂಪ್ಯೂಟರ್ ಮತ್ತು ಪ್ರಿಂಟರ್, 42,480. ಬಿಲ್ಲು ಇತ್ತು, ಆದರೆ ಅದು ಥರ್ಮಲ್ ಕಾಗದದ್ದು, ನಾಲ್ಕು ವರ್ಷಕ್ಕೆ ಪೂರ್ತಿ ಬಿಳಿಯಾಗಿತ್ತು. ಬೆಳಕಿಗೆ ಹಿಡಿದರೂ ಅಂಗಡಿಯ ಹೆಸರಿನ ಎರಡು ಅಕ್ಷರ ಬಿಟ್ಟು ಏನೂ ಕಾಣಲಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಮೊತ್ತ ಮತ್ತು ದಿನ ಸಿಕ್ಕವು, ಅದನ್ನು ಹಿಡಿದು ಮಾರಿದವರಿಂದ ಬಿಲ್ಲಿನ ನಕಲು ತರಿಸಿದೆವು. ಥರ್ಮಲ್ ಬಿಲ್ಲನ್ನು ತಂದ ದಿನವೇ ಫೋಟೋ ತೆಗೆದಿಡಿ, ಜೆರಾಕ್ಸ್ ಆದರೂ ಮಾಡಿಸಿ.

ಕಂಪ್ಯೂಟರ್‌ನಲ್ಲಿ ತಪ್ಪು ಮಾಡಿದ್ದು ನಾನೇ. ಬಾಳಿಕೆ 3 ವರ್ಷ, 2020ರ ಜುಲೈ 1ರಿಂದ ಬಳಕೆ, ತಿಂಗಳಿಗೆ 1,121 ರೂಪಾಯಿ. ಶೀಟಿನಲ್ಲಿ ಕಳೆದ ತಿಂಗಳುಗಳನ್ನು ತಿಂಗಳ ಸವಕಳಿಯಿಂದ ಗುಣಿಸುವ ಸೂತ್ರ ಹಾಕಿದ್ದೆ. 45 ತಿಂಗಳಿಗೆ ಗುಣಿಸಿ ಪುಸ್ತಕ ಮೌಲ್ಯ ಮೈನಸ್ 7,965 ಅಂತ ಬಂತು. ಒಂದೇ ವಸ್ತುವಿದ್ದರೆ ಕಣ್ಣಿಗೆ ಬೀಳುತ್ತದೆ. ಆದರೆ ನಾನು ಮೊದಲು ನೋಡಿದ್ದು ಒಟ್ಟು ಮೊತ್ತವನ್ನು, ಅದರೊಳಗೆ ಈ ಮೈನಸ್ ಅಡಗಿ ಕೂತಿತ್ತು. ಪುಸ್ತಕ ಮೌಲ್ಯ ಕೊಂಡ ಬೆಲೆಯ ಶೇ 5ಕ್ಕೆ, ಅಂದರೆ 2,124ಕ್ಕೆ ಇಳಿದ ಮೇಲೆ ಸವಕಳಿ ನಿಲ್ಲಬೇಕು. ಕಂಪ್ಯೂಟರ್ ಇನ್ನೂ ಬಳಕೆಯಲ್ಲಿದ್ದರೂ ಸರಿ, ಅಷ್ಟೇ ಬೆಲೆಗೆ ಪುಸ್ತಕದಲ್ಲಿ ಕೂತಿರಬೇಕು. ತಿದ್ದಿದ ಸೂತ್ರ ಇದು. B2 ಕೊಂಡ ಬೆಲೆ, C2 ಉಳಿಕೆ ಬೆಲೆ, D2 ಬಾಳಿಕೆಯ ವರ್ಷ, E2 ಬಳಕೆಗೆ ಬಂದ ದಿನ, F2 ಮಾರ್ಚ್ 31:

```
=MIN(DATEDIF(E2,F2+1,"m"),D2*12)*(B2-C2)/(D2*12)
```

`MIN` ಇರುವುದರಿಂದ ತಿಂಗಳುಗಳು ಬಾಳಿಕೆಯನ್ನು ದಾಟುವುದಿಲ್ಲ. `F2+1` ಯಾಕೆಂದರೆ ಮಾರ್ಚ್ 31ರವರೆಗೆ ಎಣಿಸಿದರೆ ಕೊನೆಯ ತಿಂಗಳು ಬಿಟ್ಟುಹೋಗಿ 53 ಬದಲು 52 ಬರುತ್ತದೆ. ತಿಂಗಳ ಮಧ್ಯೆ ಬಳಕೆಗೆ ಬಂದ ವಸ್ತುವಿಗೆ 15ನೇ ತಾರೀಖಿನ ಒಳಗಾದರೆ ಆ ತಿಂಗಳ ಒಂದನೇ ತಾರೀಖು, ಆಮೇಲಾದರೆ ಮುಂದಿನ ತಿಂಗಳ ಒಂದನೇ ತಾರೀಖು ಹಾಕುವುದು ಅಂತ ನಿಯಮ ಮಾಡಿಕೊಂಡೆವು.

2024ರ ಮಾರ್ಚ್ 31ಕ್ಕೆ ನಿಂತ ಲೆಕ್ಕ ಹೀಗಿತ್ತು:

| ವಸ್ತು | ಕೊಂಡ ಬೆಲೆ | ಈವರೆಗಿನ ಸವಕಳಿ | ಪುಸ್ತಕ ಮೌಲ್ಯ |
|---|---|---|---|
| ಓವನ್ | 2,28,000 | 95,665 | 1,32,335 |
| ಮಿಕ್ಸರ್ | 68,440 | 28,445 | 39,995 |
| ಕೂಲಿಂಗ್ ಕೌಂಟರ್ | 40,000 | 15,200 | 24,800 |
| ಕಂಪ್ಯೂಟರ್ | 42,480 | 40,356 | 2,124 |
| ಒಟ್ಟು | 3,78,920 | 1,79,666 | 1,99,254 |

ಇದರಲ್ಲಿ 2023-24ರ ಒಂದು ವರ್ಷದ ಸವಕಳಿ 40,750. ಲಾಭ ನಷ್ಟದ ಪಟ್ಟಿಗೆ ಹೋಗುವುದು ಅಷ್ಟು ಮಾತ್ರ. ಹಿಂದಿನ ವರ್ಷಗಳ ತಪ್ಪು ತಿದ್ದಿದ ಮೊತ್ತವನ್ನು ಬೇರೆ ಸಾಲಿನಲ್ಲಿ ತೋರಿಸಿ ಇಬ್ಬರ ಬಂಡವಾಳ ಖಾತೆಗೆ 60:40ರಲ್ಲಿ ಹಾಕಿದೆ. ಎರಡನ್ನೂ ಬೆರೆಸಿದ್ದರೆ ಈ ವರ್ಷ ಬೇಕರಿ ಸಿಕ್ಕಾಪಟ್ಟೆ ಲಾಭ ಮಾಡಿದ ಹಾಗೆ ಕಾಣುತ್ತಿತ್ತು.

ಪುಸ್ತಕ ಮೌಲ್ಯ ಬಂತು, ಪಾಲು ಮುಗಿಯಲಿಲ್ಲ

ಲೆಕ್ಕ ಮುಗಿಯಿತು ಅಂದುಕೊಂಡಾಗ ಅಣ್ಣ ಒಂದು ಪ್ರಶ್ನೆ ಕೇಳಿದರು. "ನಾಳೆ ಮಾರಿದರೆ ನನಗೆ 1,32,335 ಯಾರು ಕೊಡ್ತಾರೆ?" ಸರಿಯಾದ ಪ್ರಶ್ನೆ. ಪುಸ್ತಕ ಮೌಲ್ಯ ಅಂದರೆ ಕೊಟ್ಟ ಹಣದಲ್ಲಿ ಇನ್ನೂ ಖರ್ಚಿಗೆ ಹಾಕದೆ ಉಳಿದ ಭಾಗ. ಅದು ಸಂತೆಯ ಬೆಲೆ ಅಲ್ಲ. ಅದರಲ್ಲಿ ಲಾರಿ ಬಾಡಿಗೆ ಇದೆ, ಸಿಮೆಂಟ್ ಕಟ್ಟೆ ಇದೆ, ಕೊಳ್ಳುವವರು ಅದಕ್ಕೆಲ್ಲ ಒಂದು ರೂಪಾಯಿಯನ್ನೂ ಕೊಡುವುದಿಲ್ಲ.

ಹಳೆಯ ಬೇಕರಿ ಯಂತ್ರ ಕೊಳ್ಳುವ ಇಬ್ಬರನ್ನು ಕೇಳಿದೆವು. ಒಬ್ಬರು 90,000 ಅಂದರು, ಇನ್ನೊಬ್ಬರು 1,05,000. ಆದರೆ ಅವರು ಕೊಂಡು, ತಿದ್ದಿ, ಲಾಭಕ್ಕೆ ಮಾರುವವರು. ಅಣ್ಣನಿಗೋ ಓವನ್ ಇದ್ದ ಜಾಗದಲ್ಲೇ ನಾಳೆಯೂ ಓಡುತ್ತದೆ. ಎರಡು ಸಂಜೆ ಮಾತಾಡಿ 1,20,000ಕ್ಕೆ ಬಂದರು. ಪುಸ್ತಕ ಮೌಲ್ಯಕ್ಕಿಂತ 12,335 ಕಡಿಮೆ. ಅದನ್ನು ಮರುಮೌಲ್ಯಮಾಪನದ ನಷ್ಟ ಅಂತ ಬರೆದು, ಅಣ್ಣನ ಖಾತೆಗೆ 7,401, ತಮ್ಮನ ಖಾತೆಗೆ 4,934 ಹಾಕಿದೆ. ಉಳಿದ ಮೂರು ವಸ್ತುಗಳಿಗೆ ಪುಸ್ತಕ ಮೌಲ್ಯವೇ ಇರಲಿ ಅಂದರು.

ಹಳೆಯ 79,867ಕ್ಕೆ ಹೋಲಿಸಿದರೆ ಓವನ್ ಒಂದರಿಂದಲೇ ತಮ್ಮನ ಪಾಲಿಗೆ 16,053 ಜಾಸ್ತಿ ಸಿಕ್ಕಿತು. ಅವರು ಕೇಳಿದ 15 ವರ್ಷದ ಲೆಕ್ಕಕ್ಕಿಂತ ಅದು ಕಡಿಮೆಯೇ. ಅಣ್ಣ ಕೇಳಿದ 6 ವರ್ಷದ ಲೆಕ್ಕಕ್ಕಿಂತ ಜಾಸ್ತಿಯೇ. ಆದರೂ ಇಬ್ಬರೂ ತಕರಾರಿಲ್ಲದೆ ಸಹಿ ಹಾಕಿದರು, ಯಾಕೆಂದರೆ ಪ್ರತಿ ಸಂಖ್ಯೆಯ ಹಿಂದೆ ಒಂದು ಕಾಗದವೋ, ಒಬ್ಬರ ಮಾತೋ ಇತ್ತು. ಹಿಂದಿನ ಲೆಕ್ಕದಲ್ಲಿ ಇಲ್ಲದೆ ಇದ್ದದ್ದು ಅದೇ.

ನಾನೇ ಈ ಕೆಲಸವನ್ನು ಮತ್ತೆ ಮಾಡುವುದಾದರೆ ಕ್ರಮ ಬದಲಾಯಿಸುತ್ತೇನೆ. ಬಿಲ್ಲುಗಳನ್ನು ಹೊಂದಿಸುವುದಕ್ಕೆ ನಾಲ್ಕು ದಿನ ಕಳೆದು, ಬಾಳಿಕೆಯ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ಅಷ್ಟರಲ್ಲಿ ಇಬ್ಬರೂ ತಮಗೆ ಬೇಕಾದ ಸಂಖ್ಯೆಯನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದರು. ಯಾವ ಬೆಲೆ ಬರುತ್ತದೆ ಅಂತ ಗೊತ್ತಾಗುವ ಮೊದಲೇ ಬಾಳಿಕೆಯನ್ನು ಯಾವ ಆಧಾರದ ಮೇಲೆ ನಿರ್ಧರಿಸುವುದು ಅಂತ ಮಾತಾಡಿ ಬರೆಸಿಕೊಂಡಿದ್ದರೆ ಆ ಎಳೆದಾಟ ಅರ್ಧ ಕಡಿಮೆಯಾಗುತ್ತಿತ್ತು. ಬಾಳಿಕೆ ಹೇಳಬಲ್ಲವರು ಮಾಲೀಕರಲ್ಲ, ಮೆಷಿನ್ ಮುಂದೆ ನಿಲ್ಲುವವರು ಮತ್ತು ಅದನ್ನು ಬಿಚ್ಚಿ ನೋಡುವವರು.

ಈಗ ಅಂಗಡಿಯಲ್ಲಿ ಒಂದು ಆಸ್ತಿ ರಿಜಿಸ್ಟರ್ ಇದೆ. ಗಲ್ಲಾಪೆಟ್ಟಿಗೆ ಕೆಳಗಿನ ಡ್ರಾಯರ್‌ನಲ್ಲಿ, ಒಂದು ವಸ್ತುವಿಗೆ ಒಂದು ಪುಟ. ಬಿಲ್ಲಿನ ನಕಲು, ಬಳಕೆಗೆ ಬಂದ ದಿನ, ಅದಕ್ಕೆ ಏನು ಸಾಕ್ಷಿ, ಬಾಳಿಕೆ ಎಷ್ಟು, ಯಾಕೆ ಅಷ್ಟು. ಆ ಮಳೆಗಾಲದಲ್ಲಿ ಅಣ್ಣ ಫೋನ್ ಮಾಡಿದ್ದರು. ಓವನ್‌ನ ಎರಡೂ ಡೆಕ್‌ನ ಕಾಯಿಲ್ ಬದಲಾಯಿಸಿ 18,500 ಆಯಿತು, ಇದನ್ನು ಓವನ್ ಪುಟಕ್ಕೆ ಸೇರಿಸಲಾ ಅಂತ. ಮೊದಲಿದ್ದಷ್ಟೇ ಶಕ್ತಿಯ ಕಾಯಿಲ್‌ಗಳಾ ಅಂತ ಕೇಳಿದೆ, ಹೌದು ಅಂದರು. ಬಾಳಿಕೆ 10 ವರ್ಷ ಅಂತ ಇಟ್ಟಾಗಲೇ ಕಾಯಿಲ್ ನಡುವೆ ಬದಲಾಗುತ್ತದೆ ಅಂತ ಎಣಿಸಿದ್ದೆವು. ಆದ್ದರಿಂದ ರಿಪೇರಿ ಖರ್ಚಿಗೆ ಹಾಕಿ, ಓವನ್ ಪುಟದ ಕೆಳಗೆ ತಾರೀಖು ಮಾತ್ರ ಬರೆದಿಡಿ ಅಂದೆ.